ಪುಟ್ಟ ಬಟ್ಟಲು, ತುಂಬು ಸತ್ವ: ಹೊಟ್ಟೆಯ ಆಪರೇಷನ್ ಆದವರಿಗೆ ಮನೆಯಲ್ಲಿ ಅಡುಗೆ

ಹೊಟ್ಟೆಯ ಆಪರೇಷನ್ ಮುಗಿಸಿ ಮನೆಗೆ ಬಂದವರ ಮುಂದೆ ಸಾಮಾನ್ಯವಾಗಿ ಮೊದಲು ಬರುವುದು ತಿಳಿ ಗಂಜಿ, ತರಕಾರಿ ಬೇಯಿಸಿ ಸೋಸಿದ ನೀರು, ಹಣ್ಣಿನ ರಸ. ಹಗುರವಾಗಿದೆ, ಸುಲಭವಾಗಿ ಜೀರ್ಣವಾಗುತ್ತದೆ ಎಂಬ ಲೆಕ್ಕ ಸರಿಯೇ. ಆದರೆ ಇನ್ನೊಂದು ಲೆಕ್ಕ ತಪ್ಪುತ್ತದೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಒಬ್ಬರು ಒಮ್ಮೆಗೆ ಕಷ್ಟವಿಲ್ಲದೆ ತಿನ್ನಬಹುದಾದದ್ದು 150ರಿಂದ 200 ಮಿಲಿ, ಅಂದರೆ ಒಂದು ಸಣ್ಣ ಬಟ್ಟಲು. ದಿನಕ್ಕೆ ಆರು ಸಲ ಕೊಟ್ಟರೂ ಒಟ್ಟು ಒಂದು ಲೀಟರ್ ಆಸುಪಾಸು. ಆ ಒಂದು ಲೀಟರನ್ನು 80 ಗ್ರಾಂ ಅಕ್ಕಿಯ ತಿಳಿ ಗಂಜಿಯಿಂದಲೇ ತುಂಬಿಸಿದರೆ ಇಡೀ ದಿನಕ್ಕೆ ಸಿಗುವುದು ಸುಮಾರು 280 ಕ್ಯಾಲೊರಿ, 6 ಗ್ರಾಂ ಪ್ರೋಟೀನ್. ಹೊಟ್ಟೆ ತುಂಬಿರುತ್ತದೆ, ಮೈ ಮಾತ್ರ ಉಪವಾಸವಿರುತ್ತದೆ.

ಬೇಕಾಗುವುದು ಎಷ್ಟು? ಆಪರೇಷನ್ ನಂತರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕ್ಯಾಲೊರಿ ಎಂಬುದು ಆಹಾರತಜ್ಞರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಳತೆ. 60 ಕಿಲೋ ತೂಕದವರಿಗೆ ಅದು 72ರಿಂದ 90 ಗ್ರಾಂ ಪ್ರೋಟೀನ್, 1500ರಿಂದ 1800 ಕ್ಯಾಲೊರಿ. ಗಾಯ ಕೂಡುವುದಕ್ಕೆ ಹೊಸ ಅಂಗಾಂಶ ಕಟ್ಟಬೇಕು. ತಟ್ಟೆಯಿಂದ ಪ್ರೋಟೀನ್ ಬರದಿದ್ದರೆ ದೇಹ ಅದನ್ನು ತೋಳು ತೊಡೆಗಳ ಮಾಂಸಖಂಡದಿಂದ ತೆಗೆದುಕೊಳ್ಳುತ್ತದೆ. ಗಾಯ ಒಣಗಿದ ಮೇಲೂ ಕುರ್ಚಿಯಿಂದ ಏಳುವಾಗ ಕಾಲು ನಡುಗುವುದಕ್ಕೆ ಇದೂ ಒಂದು ಕಾರಣ.

ಬಟ್ಟಲಿನ ಗಾತ್ರವನ್ನು ಹಿಗ್ಗಿಸಲು ಆಗದು. ಹಾಗಾಗಿ ಅದರೊಳಗಿನ ಸತ್ವವನ್ನೇ ಹೆಚ್ಚಿಸಬೇಕು. ಈ ಬರಹದ ಅಡುಗೆಯೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು

ಒಂದೇ ಉದಾಹರಣೆ ಹಿಡಿದು ಹೋಗೋಣ. 60 ಕಿಲೋ ತೂಕದ ಒಬ್ಬರಿಗೆ ದೊಡ್ಡ ಕರುಳಿನ ಒಂದು ಭಾಗ ತೆಗೆದು ತುದಿಗಳನ್ನು ಜೋಡಿಸಿದ್ದಾರೆ. ಆರನೆಯ ದಿನ ಮನೆಗೆ ಬಂದಿದ್ದಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಮೆದು ಆಹಾರ, ಕಡಿಮೆ ನಾರು’ ಎಂದಿದೆ. ಸಕ್ಕರೆ ಕಾಯಿಲೆ ಇಲ್ಲ, ಮೂತ್ರಪಿಂಡದ ತೊಂದರೆ ಇಲ್ಲ, ವಾಯು ಸರಿಯುತ್ತಿದೆ, ಒಂದೆರಡು ಬಾರಿ ಮಲವೂ ಆಗಿದೆ. ಮೂರು ತುತ್ತಿಗೆ ‘ಸಾಕು’ ಎನ್ನುತ್ತಾರೆ.

ಬೇರೆ ಆಪರೇಷನ್ ಆಗಿದ್ದರೆ ಕೆಲವು ಸಂಗತಿ ಬದಲಾಗುತ್ತವೆ. ಪಿತ್ತಕೋಶ ತೆಗೆದಿದ್ದರೆ ಬೆಣ್ಣೆ, ಎಣ್ಣೆ, ಕೆನೆಯನ್ನು ಒಮ್ಮೆಲೇ ಕೊಡದೆ ಚೂರು ಚೂರಾಗಿ ಹಂಚಬೇಕು. ಪಿತ್ತರಸ ಈಗ ಕೂಡಿಟ್ಟುಕೊಂಡು ಬರುವುದಿಲ್ಲ, ಸಣ್ಣಗೆ ಸುರಿಯುತ್ತಲೇ ಇರುತ್ತದೆ. ಜಿಡ್ಡು ಹೆಚ್ಚಾದರೆ ಕೆಲವರಿಗೆ ಭೇದಿಯಾಗುತ್ತದೆ. ಜಠರದ ಆಪರೇಷನ್ ಆಗಿದ್ದರೆ ಊಟಕ್ಕೂ ನೀರಿಗೂ ಅರ್ಧ ಗಂಟೆ ಅಂತರ ಬೇಕು, ಸಿಹಿ ಪಾನೀಯ ಬೇಡ. ಸಕ್ಕರೆ ಬೇಗನೆ ಕರುಳಿಗಿಳಿದರೆ ಬೆವರು, ಎದೆಬಡಿತ, ತಲೆಸುತ್ತು ಬರುತ್ತದೆ. ಸಣ್ಣ ಕರುಳನ್ನು ಹೊಟ್ಟೆಯ ಮೇಲಿನ ಚೀಲಕ್ಕೆ ತೆರೆದಿದ್ದರೆ ಬರಿ ನೀರನ್ನು ಮೇಲಿಂದ ಮೇಲೆ ಕುಡಿಸುವುದೇ ತಪ್ಪಾದೀತು. ಅವರಿಗೆ ಉಪ್ಪು ಸೇರಿದ ದ್ರವ ಬೇಕು, ಅದರ ಅಳತೆಯನ್ನು ಆಸ್ಪತ್ರೆಯವರೇ ಹೇಳುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮೇಲೆ ಹೇಳಿದ ಪ್ರೋಟೀನ್ ಲೆಕ್ಕ ಹೊಂದುವುದಿಲ್ಲ. ಯಾರದೇ ಆಗಲಿ, ಡಿಸ್ಚಾರ್ಜ್ ಚೀಟಿಗೂ ಇಲ್ಲಿನ ಮಾತಿಗೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ನಂಬಿ.

ಆಪರೇಷನ್ ಹೊತ್ತಿನಲ್ಲಿ ಐದು ದಿನಕ್ಕಿಂತ ಹೆಚ್ಚು ಕಾಲ ಏನೂ ತಿಂದಿಲ್ಲ ಎನ್ನುವಂಥವರಿಗೆ ಒಮ್ಮೆಲೇ ಇಷ್ಟು ಸತ್ವ ಕೊಡಲು ಹೋಗಬಾರದು. ಬಹಳ ದಿನದ ಉಪವಾಸದ ನಂತರ ಏಕಾಏಕಿ ಊಟ ಸಿಕ್ಕರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿಯುವ ಅಪಾಯವಿದೆ. ಅಂಥವರ ಆಹಾರವನ್ನು ವೈದ್ಯರ ಲೆಕ್ಕದಂತೆ ನಿಧಾನವಾಗಿ ಏರಿಸಬೇಕು.

ಹಸಿವು ಏಕೆ ತಡವಾಗುತ್ತದೆ

ಹೊಟ್ಟೆಯನ್ನು ತೆರೆದು ಕರುಳನ್ನು ಮುಟ್ಟಿದಾಗ ಅದು ಸ್ವಲ್ಪ ಕಾಲ ಚಲಿಸುವುದನ್ನು ನಿಲ್ಲಿಸುತ್ತದೆ. ಸಣ್ಣ ಕರುಳು ಬೇಗ ಎಚ್ಚರಗೊಳ್ಳುತ್ತದೆ, ಜಠರಕ್ಕೆ ಒಂದೆರಡು ದಿನ ಬೇಕು, ದೊಡ್ಡ ಕರುಳಿಗೆ ಎರಡು ಮೂರು ದಿನ. ಮನೆಗೆ ಬರುವ ಹೊತ್ತಿಗೆ ಮೂರೂ ನಡೆಯುತ್ತಿದ್ದರೂ ವೇಗ ಕಡಿಮೆ. ತುತ್ತು ಜಠರದಲ್ಲೇ ಹೆಚ್ಚು ಹೊತ್ತು ಕೂರುತ್ತದೆ, ಅದಕ್ಕೇ ಬೇಗ ಹೊಟ್ಟೆ ತುಂಬಿದಂತಾಗುವುದು. ಇದರ ಮೇಲೆ ನೋವಿನ ಮಾತ್ರೆಗಳು. ಮಾರ್ಫಿನ್ ಬಗೆಯವು ಕರುಳನ್ನು ಮತ್ತಷ್ಟು ನಿಧಾನಗೊಳಿಸಿ ವಾಕರಿಕೆ ತರುತ್ತವೆ, ಕೆಲವು ಆಂಟಿಬಯಾಟಿಕ್‌ಗಳು ಬಾಯಿಯನ್ನು ಲೋಹ ನೆಕ್ಕಿದಂತೆ ಮಾಡುತ್ತವೆ. ಗಾಯದಿಂದ ಹುಟ್ಟುವ ಉರಿಯೂತವೂ ಹಸಿವನ್ನು ಅಡಗಿಸುತ್ತದೆ.

ಇಷ್ಟು ತಿಳಿದರೆ ಒಂದು ನಿರ್ಧಾರ ತಾನಾಗಿ ಬರುತ್ತದೆ: ‘ಹಸಿವಾದಾಗ ಹೇಳಿ, ಕೊಡುತ್ತೇನೆ’ ಎನ್ನುವುದು ಈಗ ನಡೆಯದು. ಹಸಿವು ಗಂಟೆ ಬಾರಿಸುವುದೇ ಇಲ್ಲ. ಗಡಿಯಾರ ನೋಡಿ ಕೊಡಬೇಕು, ಎರಡರಿಂದ ಎರಡೂವರೆ ಗಂಟೆಗೊಮ್ಮೆ. ಹಾಗೆಂದು ಬಲವಂತವೂ ಬೇಡ. ಬಟ್ಟಲನ್ನು ಇಪ್ಪತ್ತು ನಿಮಿಷ ಮುಂದಿಟ್ಟು, ಉಳಿದದ್ದನ್ನು ಮಾತಾಡದೆ ಎತ್ತಿಬಿಡಿ. ಅರ್ಧ ತಿಂದರೆ ಅರ್ಧ ಲೆಕ್ಕಕ್ಕೆ.

ಎಲ್ಲದಕ್ಕೂ ಬುನಾದಿ: ಪುಡಿ ಬೆರೆಸಿದ ಹಾಲು

ಬೆಳಿಗ್ಗೆ ಇದನ್ನು ಮಾಡಿಟ್ಟರೆ ದಿನದ ಅರ್ಧ ಕೆಲಸ ಮುಗಿದಂತೆ. ಅರ್ಧ ಲೀಟರ್ ಹಾಲಿಗೆ 50 ಗ್ರಾಂ ಕೆನೆರಹಿತ ಹಾಲಿನ ಪುಡಿ, ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ ತುಂಬಾ. ಬರಿ ಹಾಲಿನಲ್ಲಿ 17 ಗ್ರಾಂ ಪ್ರೋಟೀನ್ ಇದ್ದದ್ದು ಪುಡಿ ಸೇರಿದ ಮೇಲೆ 34 ಗ್ರಾಂ ಆಗುತ್ತದೆ, ಕ್ಯಾಲೊರಿ 500 ಮುಟ್ಟುತ್ತದೆ. ಲೋಟದ ಗಾತ್ರ ಮಾತ್ರ ಅಷ್ಟೇ ಇರುತ್ತದೆ.

1. ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು ಬೆಚ್ಚಗಾಗುವವರೆಗೆ ಆರಿಸಿ.
2. ಬೇರೆ ಲೋಟದಲ್ಲಿ ಪುಡಿಗೆ ಐದಾರು ಚಮಚ ತಣ್ಣನೆಯ ಹಾಲು ಹಾಕಿ ಗಂಟಿಲ್ಲದಂತೆ ಕಲಸಿ. ಕುದಿಯುವ ಹಾಲಿಗೆ ಪುಡಿ ಸುರಿದರೆ ಪ್ರತಿ ಕಣದ ಹೊರಮೈ ಕ್ಷಣದಲ್ಲೇ ಗಟ್ಟಿಯಾಗಿ ಒಳಗೆ ಒಣಪುಡಿ ಉಳಿಯುತ್ತದೆ. ಆ ಗಂಟನ್ನು ಆಮೇಲೆ ಎಷ್ಟು ಕದಡಿದರೂ ಕರಗದು.
3. ಈ ಕಲಸಿದ್ದನ್ನು ಬೆಚ್ಚನೆಯ ಹಾಲಿಗೆ ಸೇರಿಸಿ, ಸೋಸಿ, ತಣಿಸಿ ಫ್ರಿಜ್‌ನಲ್ಲಿಡಿ. ಆ ದಿನವೇ ಮುಗಿಸಿ.

ಮೊದಲ ದಿನ 50 ಮಿಲಿಯಷ್ಟೇ ಕೊಟ್ಟು ನೋಡಿ. ಕರುಳಿಗೆ ಪೆಟ್ಟಾದಾಗ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕೆಲವರಲ್ಲಿ ತಾತ್ಕಾಲಿಕವಾಗಿ ಇಳಿದಿರುತ್ತದೆ. ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗುಡು ಎಂದು ಉಬ್ಬಿ ನೀರುನೀರಾಗಿ ಭೇದಿಯಾದರೆ ಅದೇ ಕಾರಣವಿರಬಹುದು. ಆಗ ಲ್ಯಾಕ್ಟೋಸ್ ತೆಗೆದ ಹಾಲು ಅಥವಾ ಸೋಯಾ ಹಾಲಿಗೆ ಬದಲಿಸಿ, ಪುಡಿಯ ಬದಲು ವೈದ್ಯರನ್ನು ಕೇಳಿ ಪ್ರೋಟೀನ್ ಪುಡಿ ಬೆರೆಸಿ. ಮೊಸರು ಅಂಥವರಿಗೂ ಬಹುಮಟ್ಟಿಗೆ ಒಗ್ಗುತ್ತದೆ. ಹೆಪ್ಪು ಹಾಕಿದಾಗಲೇ ಆ ಸಕ್ಕರೆಯ ಒಂದು ಪಾಲು ಹುಳಿಯಾಗಿ ಮಾರ್ಪಟ್ಟಿರುತ್ತದೆ.

ಕಬ್ಬಿಣದ ಮಾತ್ರೆ ಬರೆದಿದ್ದರೆ ಅದಕ್ಕೂ ಹಾಲಿಗೂ ಎರಡು ಗಂಟೆ ದೂರವಿರಲಿ. ಹಾಲಿನ ಕ್ಯಾಲ್ಸಿಯಂ ಕಬ್ಬಿಣ ಹೀರಿಕೆಯನ್ನು ತಡೆಯುತ್ತದೆ. ಚಹಾ, ಕಾಫಿಗೂ ಇದೇ ನಿಯಮ.

ಅಕ್ಕಿ-ಹೆಸರುಬೇಳೆ ಗಂಜಿ, ಮೊಟ್ಟೆಯೊಡನೆ

ಗಂಜಿಯನ್ನು ಬಿಡಬೇಕಿಲ್ಲ, ಅದರ ಹದ ಬದಲಿಸಬೇಕು. ಎರಡು ಬಟ್ಟಲಿಗೆ ಅಕ್ಕಿ 30 ಗ್ರಾಂ, ಸಿಪ್ಪೆ ತೆಗೆದ ಹೆಸರುಬೇಳೆ 40 ಗ್ರಾಂ, ನೀರು 300 ಮಿಲಿ, ಚಿಟಿಕೆ ಉಪ್ಪು. ಅಕ್ಕಿಗಿಂತ ಬೇಳೆ ಹೆಚ್ಚಿರುವುದನ್ನು ಗಮನಿಸಿ, ಅದು ಕೈತಪ್ಪಲ್ಲ. ಬಟ್ಟಲಿಗೊಂದು ಮೊಟ್ಟೆ, ಒಂದು ಚಮಚ ಬೆಣ್ಣೆ ಅಥವಾ ತುಪ್ಪ.

1. ಅಕ್ಕಿ ಬೇಳೆಯನ್ನು ಮೂರು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಸಿ. ನೆನೆಸಿದ ನೀರು ಚೆಲ್ಲಿ. ವಾಯು ಹುಟ್ಟಿಸುವ ಸಕ್ಕರೆಯ ಒಂದಿಷ್ಟು ಅಂಶ ಆ ನೀರಿನೊಡನೆ ಹೋಗುತ್ತದೆ.
2. 300 ಮಿಲಿ ಹೊಸ ನೀರು ಹಾಕಿ, ಪಾತ್ರೆಯನ್ನು ಕುಕ್ಕರಿನೊಳಗಿಟ್ಟು ಐದಾರು ಸೀಟಿ ಕೂಗಿಸಿ. ಕುಕ್ಕರಿಲ್ಲದಿದ್ದರೆ ಮುಚ್ಚಿದ ಪಾತ್ರೆಯಲ್ಲಿ ಮಂದ ಉರಿಯಲ್ಲಿ 45 ನಿಮಿಷ. ಆಗ ಆವಿಯಾಗಿ ಹೋಗುವುದಕ್ಕಾಗಿ ಒಂದು ಲೋಟ ನೀರು ಹೆಚ್ಚು ಹಿಡಿಯುತ್ತದೆ.
3. ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆಯಿರಿ. ಎರಡು ಬೆರಳ ನಡುವೆ ಒಂದು ಬೇಳೆ ಹಿಡಿದರೆ ಕಾಳು ಸಿಗಬಾರದು, ಹಿಟ್ಟಿನಂತೆ ಜಾರಬೇಕು.
4. ಈಗ ಅರ್ಧ ಗಂಜಿಯನ್ನು ಬೇರೆ ತೆಗೆದು ತಣಿಸಿ ಫ್ರಿಜ್‌ಗೆ. ಉಳಿದದ್ದನ್ನು ಸಣ್ಣ ಉರಿಯಲ್ಲಿಟ್ಟು ಕುದಿ ಬಂದಾಗ, ಚೆನ್ನಾಗಿ ಕದಡಿದ ಒಂದು ಮೊಟ್ಟೆಯನ್ನು ನೂಲಿನಂತೆ ಸುರಿಯುತ್ತಾ ಬಿಡದೆ ತಿರುಗಿಸಿ. ಎರಡು ನಿಮಿಷ ಬೇಯಲಿ.
5. ಇಳಿಸಿ ಬೆಣ್ಣೆ ಹಾಕಿ.

ಸುಮಾರು 200 ಮಿಲಿಯ ಈ ಬಟ್ಟಲಿನಲ್ಲಿ 12 ಗ್ರಾಂ ಪ್ರೋಟೀನ್, 230 ಕ್ಯಾಲೊರಿ. ಚಮಚ ಎತ್ತಿ ಓರೆ ಮಾಡಿದರೆ ಗಂಜಿ ಧಾರೆಯಾಗಿ ಸುರಿಯದೆ ಮುದ್ದೆಯಾಗಿ ನಿಧಾನಕ್ಕೆ ಜಾರಬೇಕು, ಅದೇ ಹದ. ಮೊಟ್ಟೆ ತಿನ್ನದವರಿಗೆ ಪುಡಿಮಾಡಿದ ಪನೀರ್ ಅಥವಾ ಮೆದು ತೋಫು. 30 ಗ್ರಾಂ ಪನೀರ್ ಸೇರಿಸಿದರೆ ಪ್ರೋಟೀನ್ ಮೊಟ್ಟೆಗೆ ಹತ್ತಿರಹತ್ತಿರ ಬರುತ್ತದೆ.

ತಪ್ಪಾಗುವುದು ಎರಡು ಕಡೆ. ಉರಿ ಜೋರಿದ್ದಾಗ ಮೊಟ್ಟೆಯನ್ನು ಒಮ್ಮೆಲೇ ಸುರಿದರೆ ರಬ್ಬರಿನಂಥ ತುಂಡುಗಳಾಗುತ್ತವೆ, ಅಗಿಯಲು ಬೇಸರವಾಗಿ ಅವರು ಬಟ್ಟಲನ್ನೇ ಸರಿಸುತ್ತಾರೆ. ಇನ್ನೊಂದು, ಗಂಜಿ ತಣಿದಂತೆ ಬಿಗಿಯುತ್ತದೆ. ಬಡಿಸುವಾಗ ‘ಗಟ್ಟಿಯಾಯಿತು’ ಎಂದು ನೀರು ಸುರಿಯುವುದು ಎಲ್ಲರ ಕೈಗೂ ಬರುವ ಅಭ್ಯಾಸ. ನೀರಿನ ಬದಲು ಪುಡಿ ಬೆರೆಸಿದ ಹಾಲನ್ನೇ ಎರಡು ಚಮಚ ಹಾಕಿ.

ತೆಗೆದಿಟ್ಟ ಗಂಜಿಯ ವಿಷಯದಲ್ಲಿ ಉದಾಸೀನ ಬೇಡ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಬೆಚ್ಚನೆಯ ಪಾತ್ರೆಯಲ್ಲಿ ಗಂಟೆಗಟ್ಟಲೆ ಬಿಟ್ಟರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಅಗಲವಾದ ತಟ್ಟೆಗೆ ಹರಡಿ ಒಂದು ಗಂಟೆಯೊಳಗೆ ಫ್ರಿಜ್ ಸೇರಿಸಿ, 24 ಗಂಟೆಯೊಳಗೆ ಒಂದೇ ಸಲ, ಹಬೆಯಾಡುವಷ್ಟು ಬಿಸಿ ಮಾಡಿ ಕೊಡಿ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ವಾಂತಿಯಾದರೆ ಆಗುವ ನೋವು ಮಾಮೂಲಿ ವಾಂತಿಯದ್ದಲ್ಲ.

ಹಬೆಯಲ್ಲಿ ಬೇಯಿಸಿದ ಮೊಟ್ಟೆ-ಹಾಲು

ಬಾಯಿಗಿಟ್ಟರೆ ಕರಗುವ, ವಾಸನೆ ಕಡಿಮೆಯಿರುವ, ತಣ್ಣಗೂ ತಿನ್ನಬಹುದಾದ ಒಂದೇ ತಿಂಡಿ ಹೇಳಿ ಎಂದರೆ ಇದನ್ನೇ ಹೇಳಬೇಕು. ಒಂದು ಮೊಟ್ಟೆಗೆ 100 ಮಿಲಿ ಪುಡಿ ಬೆರೆಸಿದ ಹಾಲು. 13 ಗ್ರಾಂ ಪ್ರೋಟೀನ್, 170 ಕ್ಯಾಲೊರಿ, ಗಾತ್ರ 150 ಮಿಲಿ.

ಮೊಟ್ಟೆಯನ್ನು ನೊರೆ ಬರದಂತೆ ಫೋರ್ಕಿನಿಂದ ಕದಡಿ, ಉಗುರುಬೆಚ್ಚಗಿನ ಹಾಲು ಸೇರಿಸಿ, ಸೋಸಿ. ಚಿಟಿಕೆ ಉಪ್ಪು ಅಥವಾ ಒಂದು ಚಮಚ ಸಕ್ಕರೆ, ಅವರ ನಾಲಿಗೆ ಯಾವುದನ್ನು ಒಪ್ಪುತ್ತದೋ ಅದು. ಸಣ್ಣ ಬಟ್ಟಲಿಗೆ ಹಾಕಿ ಮೇಲೆ ತಟ್ಟೆ ಮುಚ್ಚಿ. ಮುಚ್ಚದಿದ್ದರೆ ಹಬೆಯ ಹನಿ ಬಿದ್ದು ಮೇಲ್ಮೈ ಗುಳಿಬೀಳುತ್ತದೆ. ನೀರು ಕುದಿಯುತ್ತಿರುವ ಪಾತ್ರೆಯಲ್ಲಿಟ್ಟು, ಉರಿಯನ್ನು ತೀರಾ ಸಣ್ಣಗೆ ಮಾಡಿ 10ರಿಂದ 12 ನಿಮಿಷ. ಚೂರಿಯ ತುದಿ ಚುಚ್ಚಿದರೆ ಶುಚಿಯಾಗಿ ಹೊರಬರಬೇಕು. ಬಟ್ಟಲು ಅಲ್ಲಾಡಿಸಿದರೆ ನಡುಭಾಗ ತುಸು ನಡುಗಿದರೂ ಸರಿ, ದ್ರವ ಉಳಿದಿರಬಾರದು. ಹಸಿ ಅಥವಾ ಅರೆಬೆಂದ ಮೊಟ್ಟೆ ಈಗ ಬೇಡ.

ಉರಿ ಹೆಚ್ಚಾದರೆ ಏನಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ: ಒಳಗೆಲ್ಲ ಜೇನುಗೂಡಿನಂಥ ತೂತು, ಸುತ್ತ ನೀರು. ಮೊಟ್ಟೆಯ ಪ್ರೋಟೀನ್ ಬಿಗಿದುಕೊಂಡು ಹಿಡಿದಿದ್ದ ನೀರನ್ನು ಹಿಂಡಿ ಹಾಕಿದೆ ಎಂದರ್ಥ. ತಿನ್ನಲು ಅಪಾಯವೇನಿಲ್ಲ, ಆದರೆ ಒರಟಾಗಿ ಗಂಟಲಿಗಿಳಿಯದು.

ಕಟ್ಟಿದ ಮೊಸರು, ಆಲೂ-ಕೋಳಿ

300 ಗ್ರಾಂ ಕೆನೆಭರಿತ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು ಫ್ರಿಜ್‌ನಲ್ಲೇ ಮೂರು ಗಂಟೆ ಬಿಟ್ಟರೆ ನೀರಿಳಿದು ಸುಮಾರು ಅರ್ಧಕ್ಕೆ ಬರುತ್ತದೆ. 8 ಗ್ರಾಂ ಪ್ರೋಟೀನ್ ಈಗ 150 ಗ್ರಾಂನಲ್ಲಿ ಸಿಕ್ಕಿತು. ಅರ್ಧ ಕಳಿತ ಬಾಳೆಹಣ್ಣನ್ನು ನುಣ್ಣಗೆ ಹಿಸುಕಿ ಸೇರಿಸಿದರೆ 200 ಕ್ಯಾಲೊರಿಯ ಬಟ್ಟಲು. ವಾಕರಿಕೆ ಇರುವ ದಿನ ಇದೇ ಗತಿ. ಬಿಸಿ ಅಡುಗೆಯಿಂದ ವಾಸನೆ ಏಳುತ್ತದೆ, ತಣ್ಣನೆಯದರಿಂದ ಏಳುವುದಿಲ್ಲ. ಅಂಥ ದಿನ ಅಡುಗೆಮನೆಯ ಬಾಗಿಲು ಮುಚ್ಚಿ ಒಗ್ಗರಣೆ ಹಾಕಿ.

ಮಾಂಸ ತಿನ್ನುವವರಿಗೆ ಸಂಜೆಯ ಬಟ್ಟಲು: ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ 80 ಗ್ರಾಂ, ಬೆಂದ ಕೋಳಿಯೆದೆ 40 ಗ್ರಾಂ, ಪುಡಿ ಬೆರೆಸಿದ ಹಾಲು 40 ಮಿಲಿ, ಒಂದು ಚಮಚ ಬೆಣ್ಣೆ. 16 ಗ್ರಾಂ ಪ್ರೋಟೀನ್, 200 ಕ್ಯಾಲೊರಿ. ಕೋಳಿಯನ್ನು ಜೋರಾಗಿ ಕುದಿಸಬೇಡಿ. ನೀರು ಸಣ್ಣಗೆ ನಡುಗುವ ಹದದಲ್ಲಿ, ಒಳಗೆ ಗುಲಾಬಿ ಬಣ್ಣ ಪೂರ್ತಿ ಹೋಗುವವರೆಗೆ ಬೇಯಿಸಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುಭಾಗ 75 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಎಳೆಗೆ ಅಡ್ಡವಾಗಿ ಕತ್ತರಿಸಿ ಸಣ್ಣಗೆ ಕೊಚ್ಚಿ. ಉದ್ದ ಎಳೆ ಉಳಿದರೆ ಹಲ್ಲಿಗೆ ಸಿಕ್ಕಿಕೊಂಡು ಅಗಿಯುವುದೇ ಕೆಲಸವಾಗುತ್ತದೆ. ಆಲೂಗಡ್ಡೆಯನ್ನು ಕೈಯಿಂದಲೇ ಹಿಸುಕಬೇಕು. ಮಿಕ್ಸಿಗೆ ಹಾಕಿದರೆ ಪಿಷ್ಟದ ಕಣಗಳು ಒಡೆದು ಅಂಟಿನಂತಾಗುತ್ತದೆ. ಕೋಳಿಯ ಬದಲು ಮುಳ್ಳು ತೆಗೆದ ಮೀನು ಇನ್ನೂ ಮೆದು. ಸಸ್ಯಾಹಾರಿಗಳು 60 ಗ್ರಾಂ ಪನೀರನ್ನು ತುರಿದು ಸೇರಿಸಬಹುದು, ಆಗ ಬೆಣ್ಣೆ ಬೇಡ, ಪನೀರಿನ ಕೊಬ್ಬೇ ಸಾಕು.

ಇಡೀ ದಿನ ಹೇಗೆ ಕೂಡುತ್ತದೆ

ನಮ್ಮ 60 ಕಿಲೋ ತೂಕದವರ ಒಂಬತ್ತನೆಯ ದಿನ ಹೀಗಿರಬಹುದು. ಬೆಳಿಗ್ಗೆ ಏಳಕ್ಕೆ ಪುಡಿ ಬೆರೆಸಿದ ಹಾಲು 100 ಮಿಲಿ. ಒಂಬತ್ತಕ್ಕೆ ಹಬೆಯ ಮೊಟ್ಟೆ-ಹಾಲು. ಹನ್ನೊಂದೂವರೆಗೆ ಬಾಳೆಹಣ್ಣಿನೊಡನೆ ಕಟ್ಟಿದ ಮೊಸರು. ಎರಡಕ್ಕೆ ಮೊಟ್ಟೆಯ ಗಂಜಿ. ನಾಲ್ಕೂವರೆಗೆ ಹಾಲು 150 ಮಿಲಿ. ಏಳಕ್ಕೆ ಆಲೂ-ಕೋಳಿ. ಒಂಬತ್ತೂವರೆಗೆ ಹಾಲು 100 ಮಿಲಿ. ಬೆಳಿಗ್ಗೆ ಮಾಡಿಟ್ಟ ಅರ್ಧ ಲೀಟರ್ ಹಾಲು ಇಷ್ಟರಲ್ಲಿ ಬಹುತೇಕ ಖಾಲಿ.

ಕೂಡಿದರೆ ಪ್ರೋಟೀನ್ 72 ಗ್ರಾಂ ದಾಟುತ್ತದೆ, ಕ್ಯಾಲೊರಿ ಮಾತ್ರ 1150 ಆಸುಪಾಸು, 1500ಕ್ಕೆ ಇನ್ನೂ ದೂರ. ಮನೆಗೆ ಬಂದ ಮೊದಲ ವಾರದಲ್ಲಿ ಈ ಕೊರತೆಯನ್ನು ಒಪ್ಪಿಕೊಳ್ಳುವುದೇ ಮೇಲು. ತುಂಬಿಸಲು ಹೋಗಿ ಜಿಡ್ಡು ಹೆಚ್ಚಿಸಿದರೆ ಜಠರ ಖಾಲಿಯಾಗುವುದು ಇನ್ನೂ ತಡವಾಗಿ ಮುಂದಿನ ಬಟ್ಟಲೇ ಹೋಗುವುದಿಲ್ಲ. ಪ್ರೋಟೀನ್ ಮೊದಲು, ಕ್ಯಾಲೊರಿ ಆಮೇಲೆ. ಎರಡನೆಯ ವಾರ ಹಾಲಿನೊಡನೆ ಬೆಣ್ಣೆ ಸವರಿದ ಒಂದು ತುಂಡು ಬಿಳಿ ಬ್ರೆಡ್, ಇನ್ನರ್ಧ ಬಾಳೆಹಣ್ಣು, ಗಂಜಿಗೆ ಇನ್ನೊಂದು ಚಮಚ ಬೆಣ್ಣೆ ಹೀಗೆ ಒಂದೊಂದಾಗಿ ಏರಿಸಿ.

ಇದು ಎಲ್ಲ ಬಟ್ಟಲೂ ಖಾಲಿಯಾದ ದಿನದ ಲೆಕ್ಕ. ಮೊದಲೆರಡು ದಿನ ಅರ್ಧ ಹೋಗುವುದೇ ಹೆಚ್ಚು. ಅದಕ್ಕೆ ಒಂದು ಹಾಳೆಯಲ್ಲಿ ಪ್ರತಿ ಬಟ್ಟಲಿನ ಮುಂದೆ ಪೂರ್ತಿ, ಅರ್ಧ, ಕಾಲು ಎಂದು ಬರೆದಿಡಿ. ‘ಏನೂ ತಿನ್ನುತ್ತಿಲ್ಲ’ ಎಂಬ ಗಾಬರಿಯೂ ‘ತಿನ್ನುತ್ತಿದ್ದಾರೆ’ ಎಂಬ ಸಮಾಧಾನವೂ ಆ ಹಾಳೆಯ ಮುಂದೆ ಆಗಾಗ ಸುಳ್ಳಾಗುತ್ತವೆ. ಮೂರು ದಿನ ಸತತವಾಗಿ ಅರ್ಧಕ್ಕಿಂತ ಕಡಿಮೆಯಾದರೆ ಆಹಾರತಜ್ಞರಿಗೆ ಫೋನ್ ಮಾಡಿ ಹಾಳೆಯನ್ನು ಓದಿ ಹೇಳಿ. ಸಿದ್ಧ ಪೌಷ್ಟಿಕ ಪಾನೀಯವನ್ನು ಅವರು ಸೂಚಿಸಬಹುದು. 200 ಮಿಲಿಯಲ್ಲಿ 300 ಕ್ಯಾಲೊರಿ ಇರುವಂಥವು ಸಿಗುತ್ತವೆ. ಅವನ್ನು ಗಟಗಟನೆ ಕುಡಿಸದೆ 30 ಮಿಲಿಯಂತೆ ದಿನವಿಡೀ ಗುಟುಕರಿಸಲು ಕೊಡಬೇಕು.

ತೂಕವನ್ನು ವಾರಕ್ಕೆ ಎರಡು ಸಲ, ಬೆಳಿಗ್ಗೆ, ಅದೇ ಬಟ್ಟೆಯಲ್ಲಿ ನೋಡಿ. ಒಂದು ತಿಂಗಳೊಳಗೆ ಶೇಕಡ 5 ಇಳಿದರೆ, ಅಂದರೆ 60 ಇದ್ದದ್ದು 57 ಆದರೆ, ಕಾಯದೆ ತಿಳಿಸಬೇಕಾದ ವಿಷಯ.

ಕೂರುವುದು, ಕುಡಿಯುವುದು

ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಮುಕ್ಕಾಲು ಗಂಟೆಯಾದ ಮೇಲೆ ಊಟಕ್ಕೆ ಕೂರಿಸಿದರೆ ತುತ್ತು ಹೆಚ್ಚು ಹೋಗುತ್ತದೆ. ನೋವಿನಲ್ಲಿ ಯಾರಿಗೂ ಅನ್ನ ಸೇರದು. ‘ಊಟದ ನಂತರ’ ಎಂದು ಬರೆದ ಮಾತ್ರೆಯಾದರೆ ಹಾಗೆಯೇ ಕೊಡಿ, ಅದು ಜಠರಕ್ಕೆ ಉರಿ ತರುವ ಬಗೆಯದು. ಹಾಸಿಗೆಯಲ್ಲಿ ಅರ್ಧ ಮಲಗಿ ತಿಂದರೆ ಹೊಟ್ಟೆ ಮಡಿಸಿಕೊಂಡು ಹೊಲಿಗೆ ಎಳೆಯುತ್ತದೆ. ಎತ್ತರದ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ತಿಂದಾದ ಮೇಲೂ ಅರ್ಧ ಗಂಟೆ ಹಾಗೆಯೇ ಇರಲಿ. ಕೆಮ್ಮು ಬಂದರೆ ಹೊಟ್ಟೆಗೆ ಒತ್ತಿ ಹಿಡಿಯಲು ಒಂದು ಸಣ್ಣ ದಿಂಬು ಕೈಗೆ ಸಿಗುವಂತಿರಲಿ.

ನೀರನ್ನು ಊಟಕ್ಕೆ ಮುಂಚೆ ಲೋಟಗಟ್ಟಲೆ ಕುಡಿಸಬೇಡಿ, ಇರುವ ಜಾಗವೂ ತುಂಬಿಹೋಗುತ್ತದೆ. ಬಟ್ಟಲುಗಳ ನಡುವೆ 100 ಮಿಲಿಯಂತೆ ದಿನಕ್ಕೆ ಒಂದು, ಒಂದೂಕಾಲು ಲೀಟರ್ ಹೋದರೆ ಹಾಲು, ಗಂಜಿಯ ನೀರು ಸೇರಿ ಬಹುತೇಕ ಸಾಕಾಗುತ್ತದೆ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ಇನ್ನೆರಡು ಲೋಟ ಬೇಕು. ದ್ರವಕ್ಕೆ ಮಿತಿ ಹಾಕಿರುವ ಹೃದಯದ ರೋಗಿಗಳಿಗೆ ಈ ಅಳತೆ ಅನ್ವಯಿಸದು. ಸೋಡಾ ಬೇಡ, ಸ್ಟ್ರಾ ಬೇಡ. ಎರಡೂ ಹೊಟ್ಟೆಗೆ ಗಾಳಿ ತುಂಬುತ್ತವೆ.

ನಾರು, ಮಲಬದ್ಧತೆ, ಹೊಸ ತಿನಿಸು

ಇಲ್ಲಿ ಮನೆಯವರು ಇಕ್ಕಟ್ಟಿಗೆ ಸಿಲುಕುತ್ತಾರೆ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ, ಓಡಾಟವಿಲ್ಲದಿರುವುದು, ಮೂರೂ ಸೇರಿ ಮಲ ಗಟ್ಟಿಯಾಗುತ್ತದೆ. ಸೊಪ್ಪು, ಸಿಪ್ಪೆಸಹಿತ ಹಣ್ಣು, ಹೊಟ್ಟುಳ್ಳ ಧಾನ್ಯ ಕೊಟ್ಟರೆ ಸರಿಹೋದೀತು ಎಂದು ಕೈ ಅತ್ತ ಹೋಗುತ್ತದೆ. ಆದರೆ ಕರುಳಿನ ಜೋಡಣೆಯ ಜಾಗ ಊದಿಕೊಂಡು ಕಿರಿದಾಗಿರುವಾಗ ಸಿಪ್ಪೆ, ಬೀಜ, ಎಳೆ ಅಲ್ಲಿ ಸಿಕ್ಕಿಕೊಳ್ಳಬಹುದು. ಕಡಿಮೆ ನಾರು ಎಂದು ಚೀಟಿಯಲ್ಲಿ ಇರುವವರೆಗೆ ಉತ್ತರ ನಾರಿನಲ್ಲಿಲ್ಲ. ನೀರು, ಮನೆಯೊಳಗೆ ದಿನಕ್ಕೆ ನಾಲ್ಕೈದು ಸಲದ ಸಣ್ಣ ನಡಿಗೆ, ವೈದ್ಯರು ಬರೆದ ಮಲ ಮೆದುಗೊಳಿಸುವ ಔಷಧಿ, ಇವೇ ದಾರಿ. ಮೂರು ದಿನ ಮಲವಾಗದಿದ್ದರೆ ಮುಕ್ಕಿ ತಿಣುಕುವ ಮುಂಚೆ ಅವರನ್ನೇ ಕೇಳಿ.

ನಿರ್ಬಂಧ ಸಡಿಲಿಸುವುದು ಯಾವಾಗ ಎಂದು ಸರ್ಜನ್ ಹೇಳುತ್ತಾರೆ, ಸಾಮಾನ್ಯವಾಗಿ ಅದು ವಾರಗಳ ಮಾತು. ಸಡಿಲಿಸಿದ ಮೇಲೆ ಎರಡು ದಿನಕ್ಕೆ ಒಂದೇ ಹೊಸ ತಿನಿಸು, ಎರಡು ಚಮಚದಿಂದ ಶುರು, ಅದೂ ಮಧ್ಯಾಹ್ನ. ರಾತ್ರಿ ಕೊಟ್ಟರೆ ಹೊಟ್ಟೆ ಉಬ್ಬಿದಾಗ ನಿದ್ದೆಯೂ ಹೋಗುತ್ತದೆ. ಒಂದೇ ದಿನ ಮೂರು ಹೊಸದನ್ನು ಕೊಟ್ಟರೆ ಯಾವುದು ಒಗ್ಗಲಿಲ್ಲ ಎಂಬುದೂ ತಿಳಿಯದು. ಮೆತ್ತಗೆ ಬೆಂದ ಕ್ಯಾರೆಟ್ ಮೊದಲು, ಸಿಪ್ಪೆ ತೆಗೆದು ಬೇಯಿಸಿದ ಸೇಬು ಆಮೇಲೆ. ಎಲೆಕೋಸು, ಹೂಕೋಸು, ಇಡೀ ಕಾಳು, ಹಸಿ ಈರುಳ್ಳಿ ಕಟ್ಟಕಡೆಗೆ.

ಅಡುಗೆ ನಿಲ್ಲಿಸಿ ಫೋನ್ ಮಾಡಬೇಕಾದ ಹೊತ್ತು

ಹಸಿವು ನಿಧಾನವಾಗಿ ಬರುವುದು ಸಹಜ. ಬರುತ್ತಿದ್ದ ಹಸಿವು ಏಕಾಏಕಿ ಮತ್ತೆ ಹೋದರೆ ಸಹಜವಲ್ಲ. ನಿನ್ನೆ ಆರು ಬಟ್ಟಲು ತಿಂದವರು ಇಂದು ಒಂದನ್ನೂ ಮುಟ್ಟದೆ, ಮೈ ಬೆಚ್ಚಗಾಗಿ, ನಾಡಿ ಜೋರಾಗಿ, ಹೊಟ್ಟೆನೋವು ಹೆಚ್ಚಾಗಿದ್ದರೆ ರುಚಿ ಬದಲಿಸಿ ನೋಡುವ ಹೊತ್ತು ಅದಲ್ಲ. ಕರುಳಿನ ಜೋಡಣೆ ಸೋರುವ ತೊಂದರೆ ಕಾಣಿಸಿಕೊಳ್ಳುವುದೇ ಹೆಚ್ಚಾಗಿ ಮೊದಲ ಒಂದೆರಡು ವಾರದಲ್ಲಿ, ಅಂದರೆ ಮನೆಗೆ ಬಂದ ಮೇಲೂ ಆಗಬಹುದು. ಬಾಯಿಗೆ ಏನನ್ನೂ ಕೊಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಹೊಟ್ಟೆ ಉಬ್ಬಿ ಬಿಗಿದು ವಾಯುವೂ ಸರಿಯದೆ ಮೇಲಿಂದ ಮೇಲೆ ವಾಂತಿಯಾದರೆ, ಅದೂ ಹಸಿರು ಬಣ್ಣದ್ದಾದರೆ, ಕರುಳಿನ ಚಲನೆ ನಿಂತಿರಬಹುದು ಅಥವಾ ದಾರಿ ಕಟ್ಟಿರಬಹುದು, ಆಗಲೂ ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಗಾಯದ ಸುತ್ತ ಕೆಂಪು ಹರಡಿ ಕೀವು ಬಂದರೆ, ಮಲ ಕಪ್ಪಾಗಿ ಟಾರಿನಂತಿದ್ದರೆ ಅಥವಾ ರಕ್ತ ಕಂಡರೆ, ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಕುಡಿದ ನೀರೂ ನಿಲ್ಲದೆ ಮೂತ್ರ ತೀರಾ ಕಡಿಮೆಯಾದರೆ ಅದೇ ದಿನ ತೋರಿಸಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ ನಿಜ, ಆದರೆ ಅದು ಟಾರಿನಂತೆ ಅಂಟಿಕೊಂಡು ಕೆಟ್ಟ ನಾತ ಬೀರುವುದಿಲ್ಲ. ಹೋಗುವಾಗ ಆ ಬಟ್ಟಲಿನ ಹಾಳೆಯನ್ನೂ ಕೈಯಲ್ಲಿ ಹಿಡಿದುಕೊಳ್ಳಿ. ಎಂದಿನಿಂದ, ಎಷ್ಟು ಕಡಿಮೆಯಾಯಿತು ಎಂದು ವೈದ್ಯರು ಕೇಳುವ ಪ್ರಶ್ನೆಗೆ ಉತ್ತರ ಅದರಲ್ಲೇ ಇರುತ್ತದೆ.